ಗಾಳಿಯಂತ್ರದ ಮಾದರಿಯ ಮುಂದೆ ನಿಂತ ತೀರ್ಪುಗಾರರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಚಿತ್ರದುರ್ಗದ ಸುತ್ತಮುತ್ತ ಗಾಳಿಯಂತ್ರದ ಮಾದರಿ ಇಲ್ಲದ ಶಾಲಾ ವಿಜ್ಞಾನ ವಸ್ತುಪ್ರದರ್ಶನವನ್ನು ನಾನಂತೂ ನೋಡಿಲ್ಲ. ಜೋಗಿಮಟ್ಟಿ ಗುಡ್ಡದ ಸಾಲಿನ ಮೇಲೆ ತಿರುಗುವ ರೆಕ್ಕೆಗಳನ್ನು ನೋಡುತ್ತಲೇ ಬೆಳೆದ ಮಕ್ಕಳು ಇವರು. ಥರ್ಮಾಕೋಲಿನ ಗುಡ್ಡ, ಪಿವಿಸಿ ಪೈಪಿನ ಕಂಬ, ತುದಿಯಲ್ಲಿ ಆಟಿಕೆ ಮೋಟಾರ್, ಕೆಳಗೆ ಬೆಂಕಿಪೊಟ್ಟಣದ ಮನೆಯಲ್ಲಿ ಒಂದು ಎಲ್‌ಇಡಿ. ಪಕ್ಕದಲ್ಲಿ ಟೇಬಲ್ ಫ್ಯಾನ್. ನಾನು ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸುವವನು, ಹಲವು ವರ್ಷ ತೀರ್ಪುಗಾರನಾಗಿ ಟೇಬಲ್‌ನಿಂದ ಟೇಬಲ್‌ಗೆ ಓಡಾಡಿದವನು. ಹೊಸದಾಗಿ ಈ ಕೆಲಸಕ್ಕೆ ಬರುವ ಮೇಷ್ಟ್ರು, ಮೇಡಂಗಳು ನನ್ನನ್ನು ಕೇಳುವ ಪ್ರಶ್ನೆಗಳಿಗೆ ಈ ಒಂದೇ ಮಾದರಿಯನ್ನು ಇಟ್ಟುಕೊಂಡು ಉತ್ತರಿಸಿದ್ದೇನೆ.

ಹೋಗಿ ನಿಂತ ಕೂಡಲೇ ಮಗು ಬಾಯಿಪಾಠ ಶುರು ಮಾಡುತ್ತದೆ. ಪೂರ್ತಿ ಕೇಳಬೇಕೆ?

ಅರ್ಧ ನಿಮಿಷ ಕೇಳಿ. "ಗೌರವಾನ್ವಿತ ತೀರ್ಪುಗಾರರೇ, ನಮ್ಮ ಮಾದರಿಯ ಹೆಸರು ಪವನಶಕ್ತಿ, ಇದು ನವೀಕರಿಸಬಹುದಾದ ಇಂಧನ ಮೂಲ" ಎಂದು ರೈಲು ಬಿಟ್ಟ ಹಾಗೆ ಹೊರಟಿರುತ್ತದೆ. ಮಧ್ಯೆ ತಡೆದರೆ ಕೆಲವು ಮಕ್ಕಳು ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ, ಅದು ಅವರ ತಪ್ಪಲ್ಲ. ಹಾಗಾಗಿ ಮಾತು ತಡೆಯುವುದಕ್ಕಿಂತ ಕೈಗೆ ಕೆಲಸ ಕೊಡುವುದು ವಾಸಿ. "ಪುಟ್ಟಾ, ಫ್ಯಾನ್ ಹಾಕು ನೋಡಣ" ಅನ್ನಿ. ಕೈ ಸ್ವಿಚ್ಚಿಗೆ ಹೋದ ಕ್ಷಣ ಬಾಯಿಪಾಠ ನಿಂತು ಮಾತುಕತೆ ಶುರುವಾಗುತ್ತದೆ.

ಹಾಗಾದರೆ ಮೊದಲ ಪ್ರಶ್ನೆ ಯಾವುದು?

"ಈಗ ರೆಕ್ಕೆ ಹಿಡ್ಕೊಂಡ್ರೆ ಲೈಟ್ ಏನಾಗ್ತೈತೆ?"

ಹಿಡಿಯುವ ಮೊದಲೇ ಉತ್ತರ ಹೇಳಿಸಿ. ಇದೊಂದು ನಿಯಮವನ್ನು ಬಿಡಬೇಡಿ. ಮೊದಲು ಊಹೆ, ಆಮೇಲೆ ಪ್ರಯೋಗ. ಮಾದರಿಯನ್ನು ತಾನೇ ಮಾಡಿದ ಮಗು ಯೋಚಿಸದೆ "ಆರಿಹೋಗ್ತೈತೆ ಸಾರ್" ಅನ್ನುತ್ತದೆ, ಏಕೆಂದರೆ ಮನೆಯಲ್ಲಿ ಅದು ನೂರು ಸಲ ಆರಿಹೋಗಿದೆ. ಅಂಗಡಿಯಿಂದ ತಂದ ಮಾದರಿಯಾದರೆ ಮಗು ಮೊದಲು ಗೈಡ್ ಟೀಚರ್ ಮುಖ ನೋಡುತ್ತದೆ.

ಹಿಡಿಯುವುದು ಮಗುವಿನ ಕೈಯೇ ಆಗಲಿ, ಫ್ಯಾನ್ ಆರಿಸಿದ ಮೇಲೆ ಆಗಲಿ. ತಗಡಿನ ರೆಕ್ಕೆಯಾದರೆ ಹಿಡಿಯುವುದೇ ಬೇಡ, ಫ್ಯಾನಿಗೂ ಯಂತ್ರಕ್ಕೂ ನಡುವೆ ಒಂದು ರಟ್ಟು ಅಡ್ಡ ಇಡಿಸಿ.

ರೆಕ್ಕೆ ನಿಂತರೂ ಎಲ್‌ಇಡಿ ಬೆಳಗುತ್ತಲೇ ಇದೆ. ಸೆಲ್ ಬಚ್ಚಿಟ್ಟಿದ್ದಾರೆ ಎಂದೇ ಅರ್ಥವೆ?

ಎಷ್ಟೋ ಸಲ ಹೌದು. ಆದರೆ ಹಾಗೆ ತೀರ್ಮಾನಿಸುವ ಮೊದಲು ಎರಡು ನ್ಯಾಯವಾದ ಕಾರಣಗಳನ್ನು ನೋಡಬೇಕು.

ಒಂದು, ಕೆಪಾಸಿಟರ್. ಬೆಳಕು ಮಿಣುಕಬಾರದೆಂದು ಕೆಲವರು ಎಲ್‌ಇಡಿಗೆ ಸಮಾಂತರವಾಗಿ ಅದನ್ನು ಹಾಕಿರುತ್ತಾರೆ. ಸಾಮಾನ್ಯ 1000 ಮೈಕ್ರೋಫ್ಯಾರಡ್‌ನದಾದರೆ ರೆಕ್ಕೆ ನಿಂತ ಮೇಲೆ ಎಲ್‌ಇಡಿ ಕ್ಷಣಮಾತ್ರ ಉಳಿದು, ಮಂಕಾಗುತ್ತಾ ಆರುತ್ತದೆ. ಸೂಪರ್ ಕೆಪಾಸಿಟರ್ ಆದರೆ ನಿಮಿಷಗಟ್ಟಲೆ ಬೆಳಗಬಹುದು, ಆದರೂ ಮಂಕಾಗುತ್ತಲೇ ಹೋಗುತ್ತದೆ. ಸೆಲ್ ಇದ್ದರೆ ಅದೇ ಹೊಳಪು, ಕದಲುವುದಿಲ್ಲ.

ಎರಡು, ಚಾರ್ಜ್ ಆಗುವ ಸೆಲ್ಲನ್ನು ಮಗು ಬಚ್ಚಿಡದೆ ತೋರಿಸಿಯೇ ಇಟ್ಟಿರಬಹುದು. "ಗಾಳಿ ಇದ್ದಾಗ ಚಾರ್ಜ್, ಇಲ್ಲದಾಗ ಬಳಕೆ" ಎಂಬ ವಿವರಣೆ. ಇದು ಒಳ್ಳೆಯ ಮಾದರಿಯೇ, ಆದರೆ ಇಲ್ಲಿ ಇನ್ನೊಂದು ಪ್ರಶ್ನೆ ಹುಟ್ಟುತ್ತದೆ: "ಸೆಲ್ ಎಷ್ಟು ವೋಲ್ಟ್, ಮೋಟಾರ್ ಎಷ್ಟು ಕೊಡ್ತೈತೆ?" 1.2 ವೋಲ್ಟಿನ ಎರಡು ಸೆಲ್ ಸೇರಿದರೆ 2.4 ವೋಲ್ಟ್. ನಡುವೆ ಡಯೋಡ್ ಇದ್ದರೆ ಅದು ಸುಮಾರು 0.7 ವೋಲ್ಟ್ ತಿನ್ನುತ್ತದೆ. ಅಂದರೆ ಮೋಟಾರ್ ಕಡೆಯಿಂದ 3.1 ವೋಲ್ಟಿಗಿಂತ ಹೆಚ್ಚು ಬಂದರೆ ಮಾತ್ರ ಚಾರ್ಜ್. ಮೀಟರ್ 2 ವೋಲ್ಟ್ ತೋರಿಸುತ್ತಿದ್ದರೆ ಆ ಸೆಲ್ ಗಾಳಿಯಿಂದ ಚಾರ್ಜ್ ಆದದ್ದಲ್ಲ, ಮನೆಯ ಚಾರ್ಜರಿನಿಂದ ಆದದ್ದು.

ಇವೆರಡೂ ಅಲ್ಲದಿದ್ದರೆ ಥರ್ಮಾಕೋಲ್ ಗುಡ್ಡದೊಳಗೆ ಬ್ಯಾಟರಿ ಇದೆ. ಒಮ್ಮೆ ಏಳನೇ ತರಗತಿಯ ಹುಡುಗನೊಬ್ಬನನ್ನು "ಈ ವೈರ್ ಗುಡ್ಡದೊಳಗೆ ಎಲ್ಲಿಗೆ ಹೋಗ್ತೈತೆ ಮಗಾ?" ಎಂದು ಕೇಳಿದೆ. ಅವನು ತಲೆ ತಗ್ಗಿಸಿ, "ಅಣ್ಣ ಹಾಕ್ಕೊಟ್ಟ ಸಾರ್, ಇಲ್ದಿದ್ರೆ ಹತ್ತಲ್ಲ" ಅಂದ. ಎಲ್ಲರೆದುರು ಗುಡ್ಡ ಕೀಳಿಸಬೇಡಿ. "ಸೆಲ್ ತೆಗೆದು, ಹತ್ತದೇ ಇರೋದನ್ನೇ ತೋರಿಸು, ಯಾಕೆ ಹತ್ತಲ್ಲ ಅಂತ ಇಬ್ಬರೂ ನೋಡಣ" ಅಂದೆ. ಅವನಿಗೆ ಕೊಟ್ಟ ಅಂಕ ಅದರ ಮುಂದಿನ ಮಾತುಕತೆಗೆ.

ಟೇಬಲ್ ಫ್ಯಾನ್ ಆರಿಸಿದ ಮೇಲೂ ರೆಕ್ಕೆಯೇ ತಿರುಗುತ್ತಿದ್ದರೆ?

ಅದು ಗಾಳಿಯಂತ್ರವಲ್ಲ, ಫ್ಯಾನು. ಸೆಲ್ ನೇರವಾಗಿ ಮೋಟಾರಿಗೆ ಸೇರಿದೆ. ರೆಕ್ಕೆಯ ಮುಂದೆ ಊದುಬತ್ತಿ ಅಥವಾ ತೆಳು ಕಾಗದದ ಪಟ್ಟಿ ಹಿಡಿದರೆ ಗಾಳಿ ಅಲ್ಲಿಂದಲೇ ಹೊರಡುತ್ತಿರುವುದು ಕಾಣುತ್ತದೆ. ಕೆಲವು ಸಲ ಮೋಸವಲ್ಲ, ಚಾರ್ಜಿಂಗ್ ಸೆಲ್ಲಿಗೆ ಡಯೋಡ್ ಹಾಕುವುದನ್ನು ಮರೆತಿರುತ್ತಾರೆ, ಸೆಲ್ಲೇ ಮೋಟಾರನ್ನು ಓಡಿಸುತ್ತದೆ. "ಕರೆಂಟ್ ವಾಪಸ್ ಬರದ ಹಾಗೆ ಏನು ಮಾಡಬೇಕಿತ್ತು?" ಎಂದು ಕೇಳಿ.

ಎಲ್‌ಇಡಿ ಹತ್ತಲು ರೆಕ್ಕೆ ಎಷ್ಟು ಜೋರಾಗಿ ತಿರುಗಬೇಕು? ಇದನ್ನು ಟೇಬಲ್ ಮುಂದೆಯೇ ಲೆಕ್ಕ ಹಾಕಬಹುದೆ?

ಹಾಕಬಹುದು, ಹಾಕಲೇಬೇಕು. ಇಡೀ ಮಾದರಿಯ ಗುಟ್ಟು ಈ ಲೆಕ್ಕದಲ್ಲಿದೆ.

ಆಟಿಕೆ ಕಾರಿನ ಸಣ್ಣ ಡಿಸಿ ಮೋಟಾರನ್ನು ತೆಗೆದುಕೊಳ್ಳಿ. 3 ವೋಲ್ಟ್ ಕೊಟ್ಟರೆ ಅದು ಬರಿದಾಗಿ ನಿಮಿಷಕ್ಕೆ ಸುಮಾರು 9000 ಸುತ್ತು ತಿರುಗುತ್ತದೆ ಎನ್ನೋಣ. ಅಂದರೆ ವೋಲ್ಟಿಗೆ 3000 ಸುತ್ತು. ಇದನ್ನೇ ತಿರುಗಿಸಿ ಹೇಳಿದರೆ, ನಾವು ಅದನ್ನು 3000 ಸುತ್ತು ತಿರುಗಿಸಿದಾಗ ಹೆಚ್ಚುಕಡಿಮೆ 1 ವೋಲ್ಟ್ ಬರುತ್ತದೆ. ಕೆಂಪು ಎಲ್‌ಇಡಿ ಕಣ್ಣು ಬಿಡಲು ಸುಮಾರು 1.8 ವೋಲ್ಟ್ ಬೇಕು. ಬಿಳಿ, ನೀಲಿಗೆ 3 ವೋಲ್ಟಿನ ಹತ್ತಿರ. ಹಾಗಾದರೆ ಕೆಂಪಿಗೇ 5400 ಸುತ್ತು.

ಈಗ ರೆಕ್ಕೆ. ಒಂದು ರೆಕ್ಕೆಗೆ ಬಣ್ಣದ ಟೇಪ್ ಅಂಟಿಸಿ, ಮೊಬೈಲಿನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆದು ಎಣಿಸಿ. ಫ್ಯಾನಿನ ಮುಂದಿಟ್ಟ ಒಂದಡಿ ಅಗಲದ ರೆಕ್ಕೆ ಸೆಕೆಂಡಿಗೆ 5 ಸುತ್ತು ಬಂತು ಅನ್ನಿ, ನಿಮಿಷಕ್ಕೆ 300. ಮೋಟಾರಿಗೆ ರೆಕ್ಕೆಯನ್ನು ನೇರವಾಗಿ ಸಿಕ್ಕಿಸಿದ್ದರೆ ಸಿಗುವುದು 0.1 ವೋಲ್ಟ್ ಮಾತ್ರ. ಎಲ್‌ಇಡಿಗೆ ಅದು ಸುದ್ದಿಯೇ ಅಲ್ಲ. ರೆಕ್ಕೆ ಇಷ್ಟು ನಿಧಾನ, ಮೋಟಾರ್ ಆಟಿಕೆಯದು, ಜೋಡಣೆ ನೇರ, ಆದರೂ ಬಿಳಿ ಎಲ್‌ಇಡಿ ಝಗಝಗ ಅನ್ನುತ್ತಿದೆ ಎಂದರೆ ನೀವು ಗುಡ್ಡದೊಳಗೆ ಇಣುಕದೆಯೇ ವಿಷಯ ಹೇಳಬಹುದು.

ಇದಕ್ಕೆ ಮಕ್ಕಳು ಕಂಡುಕೊಳ್ಳುವ ದಾರಿ ಹಳೆಯ ಸಿಡಿ. ರೆಕ್ಕೆಯ ಅಚ್ಚಿಗೆ 12 ಸೆಂಟಿಮೀಟರ್ ಅಗಲದ ಸಿಡಿಯನ್ನು ರಾಟೆಯಾಗಿ ಕೂರಿಸಿ, ಮೋಟಾರಿನ ಕಡ್ಡಿಗೆ 6 ಮಿಲಿಮೀಟರಿನ ಪುಟ್ಟ ರಾಟೆ ಹಾಕಿ, ಎರಡಕ್ಕೂ ರಬ್ಬರ್ ಬ್ಯಾಂಡ್ ಸುತ್ತುತ್ತಾರೆ. 120 ಭಾಗಿಸು 6, ಅಂದರೆ 20 ಪಟ್ಟು. ರೆಕ್ಕೆ 300 ತಿರುಗಿದರೆ ಮೋಟಾರ್ 6000, ಸುಮಾರು 2 ವೋಲ್ಟ್. ಕೆಂಪು ಎಲ್‌ಇಡಿ ಮಂದವಾಗಿ ಹತ್ತುತ್ತದೆ.

ಇಲ್ಲಿಗೆ ನಿಲ್ಲಬೇಡಿ. "ಸಿಡಿಗಿಂತ ದೊಡ್ಡ ರಾಟೆ ಹಾಕಿದ್ರೆ ಇನ್ನೂ ಜೋರಾಗಿ ಹತ್ತುತ್ತಲ್ವಾ?" ಎಂದು ಕೇಳಿ. ಪ್ರಾಮಾಣಿಕ ಮಗುವಿಗೆ ಇದರ ಉತ್ತರ ಅನುಭವದಿಂದಲೇ ಗೊತ್ತಿರುತ್ತದೆ: ರೆಕ್ಕೆ ತಿರುಗುವುದೇ ಇಲ್ಲ. ವೇಗ 20 ಪಟ್ಟು ಹೆಚ್ಚಿಸಿದರೆ ರೆಕ್ಕೆ ಹಾಕಬೇಕಾದ ತಿರುಚು ಬಲವೂ 20 ಪಟ್ಟಾಗುತ್ತದೆ. ಒಂದು ಕಡೆ ಕೊಟ್ಟು ಇನ್ನೊಂದು ಕಡೆ ಕಿತ್ತುಕೊಳ್ಳುವ ವ್ಯವಹಾರ. ರಬ್ಬರ್ ಬ್ಯಾಂಡ್ ಬಿಗಿಯಾದರೆ ರೆಕ್ಕೆ ಸಿಕ್ಕಿಬೀಳುತ್ತದೆ, ಸಡಿಲವಾದರೆ ಜಾರುತ್ತದೆ. "ಎಷ್ಟು ಸಲ ಬ್ಯಾಂಡ್ ಬದಲಾಯಿಸಿದೆ?" ಎಂಬುದು ನನ್ನ ಮೆಚ್ಚಿನ ಪ್ರಶ್ನೆಗಳಲ್ಲಿ ಒಂದು. ಮಾಡಿದವನು ನಗುತ್ತಾನೆ.

ಮೋಟಾರ್ ಎಲ್ಲಿಂದ ಬಂತು ಎಂದೂ ವಿಚಾರಿಸಿ. ಗುಜರಿಗೆ ಹೋದ ಪ್ರಿಂಟರಿನ ದೊಡ್ಡ ಮೋಟಾರ್ ಆದರೆ ಕಡಿಮೆ ಸುತ್ತಿಗೇ ಹೆಚ್ಚು ವೋಲ್ಟ್ ಬರುತ್ತದೆ, ಮೇಲಿನ ಲೆಕ್ಕ ಅದಕ್ಕೆ ಹೊಂದುವುದಿಲ್ಲ. ರೋಬೋ ಕಿಟ್ಟಿನ ಹಳದಿ ಗೇರ್ ಮೋಟಾರಿನಲ್ಲಿ 48 ಪಟ್ಟಿನ ಹಲ್ಲುಚಕ್ರ ಒಳಗೇ ಇರುತ್ತದೆ. ಕೈಯಲ್ಲಿ ತಿರುಗಿಸಿದರೂ ಎಲ್‌ಇಡಿ ಹತ್ತುತ್ತದೆ, ಆದರೆ ಬಿಗಿ ಜಾಸ್ತಿ, ಐಸ್‌ಕ್ರೀಂ ಕಡ್ಡಿಯ ರೆಕ್ಕೆಗೆ ಅದು ಜಗ್ಗುವುದಿಲ್ಲ.

ಪ್ರದರ್ಶನದ ದಿನ ಮಾದರಿ ಹತ್ತಲೇ ಇಲ್ಲ. ಅಂಕ ಕಳೆಯಬೇಕೆ?

ಆಯೋಜಕರು ಕೊಟ್ಟ ಅಂಕಪಟ್ಟಿಯಲ್ಲಿ ಕೆಲಸ ಮಾಡುವುದಕ್ಕೆಂದೇ ಅಂಕವಿದ್ದರೆ ಆ ಅಂಕದಲ್ಲಿ ಕಡಿಮೆ ಮಾಡಿ, ಉಳಿದದ್ದರಲ್ಲಿ ಬೇಡ. ಹಳ್ಳಿ ಶಾಲೆಯ ಎಂಟನೇ ತರಗತಿ ಹುಡುಗಿಯೊಬ್ಬಳ ಎಲ್‌ಇಡಿ ಹತ್ತಲಿಲ್ಲ. ಸಭಾಂಗಣದಲ್ಲಿ ಕೊಟ್ಟ ಫ್ಯಾನು ಮುದಿಯದು, ಗಾಳಿಗಿಂತ ಸದ್ದೇ ಹೆಚ್ಚು. ಅವಳು ಅಳಲಿಲ್ಲ. ಮೀಟರ್ ಹಚ್ಚಿ 1.3 ವೋಲ್ಟ್ ತೋರಿಸಿ, "ಸಾರ್, ಇನ್ನು ಅರ್ಧ ವೋಲ್ಟ್ ಬೇಕು. ಮನೇಲಿ ಕೂಲರ್ ಮುಂದೆ ಇಟ್ರೆ 2.1 ಬರ್ತಿತ್ತು" ಅಂದಳು. ಆಮೇಲೆ ಸಿಡಿಯನ್ನು ಬೆರಳಲ್ಲಿ ಜೋರಾಗಿ ತಿರುಗಿಸಿದಳು, ಎಲ್‌ಇಡಿ ಮಿಂಚಿ ಆರಿತು. ಎಷ್ಟು ಕೊರತೆ ಇದೆ, ಏಕೆ ಇದೆ, ಏನು ಮಾಡಿದರೆ ತುಂಬುತ್ತದೆ, ಮೂರನ್ನೂ ಒಂದೇ ನಿಮಿಷದಲ್ಲಿ ತೋರಿಸಿದಳು. ಆ ದಿನ ಹತ್ತಿದ ಎಷ್ಟೋ ಮಾದರಿಗಳಿಗಿಂತ ಹತ್ತದ ಅದಕ್ಕೇ ನಾನು ಹೆಚ್ಚು ಅಂಕ ಬರೆದೆ.

ರೆಕ್ಕೆಯ ಬಗ್ಗೆ ಏನು ಕೇಳಬೇಕು?

"ಇದನ್ನ ಉಲ್ಟಾ ತಿರುಗಿಸಿದ್ರೆ ಲೈಟ್ ಹತ್ತುತ್ತಾ?" ಎಂದು ಕೇಳಿ. ಹತ್ತುವುದಿಲ್ಲ. ತಿರುಗುವ ದಿಕ್ಕು ಬದಲಾದರೆ ಮೋಟಾರಿನ ಪ್ಲಸ್ ಮೈನಸ್ ಅದಲುಬದಲಾಗುತ್ತದೆ, ಎಲ್‌ಇಡಿ ಒಂದೇ ದಿಕ್ಕಿನ ಕರೆಂಟನ್ನು ಬಿಡುತ್ತದೆ. ಇಷ್ಟು ಕಡಿಮೆ ವೋಲ್ಟಿಗೆ ಎಲ್‌ಇಡಿ ಸುಟ್ಟೂ ಹೋಗುವುದಿಲ್ಲ, ಧೈರ್ಯವಾಗಿ ಮಾಡಿಸಬಹುದು.

ಮುಂದಿನದು ಇನ್ನೂ ಸೊಗಸು: "ಹಾಗಾದ್ರೆ ಉಲ್ಟಾ ತಿರುಗುವಾಗಲೂ ಹತ್ತಬೇಕು ಅಂದ್ರೆ?" ಎಲ್‌ಇಡಿಯ ವೈರ್ ಅದಲುಬದಲು ಮಾಡುತ್ತೇನೆ ಅಂದರೆ ಸರಿ. ರಬ್ಬರ್ ಬ್ಯಾಂಡನ್ನು ಎಂಟರ ಆಕಾರದಲ್ಲಿ ತಿರುಚಿ ಹಾಕುತ್ತೇನೆ ಅಂದರೂ ಸರಿ, ಆಗ ಮೋಟಾರ್ ಮತ್ತೆ ಮೊದಲಿನ ದಿಕ್ಕಿಗೇ ತಿರುಗುತ್ತದೆ. ಇನ್ನೊಂದು ಎಲ್‌ಇಡಿಯನ್ನು ಎದುರುಬದುರಾಗಿ ಹಾಕುತ್ತೇನೆ ಅಂದ ಹುಡುಗನನ್ನೂ ಕಂಡಿದ್ದೇನೆ, ಆಗ ಯಾವ ಕಡೆ ತಿರುಗಿದರೂ ಒಂದಲ್ಲ ಒಂದು ಹತ್ತುತ್ತದೆ. ಯಾವ ಉತ್ತರ ಬಂದರೂ ಅದು ಪುಸ್ತಕದ್ದಲ್ಲ, ಅಲ್ಲೇ ಹುಟ್ಟಿದ್ದು.

ರೆಕ್ಕೆಯ ಓರೆಯನ್ನು ಕೂಡ ಬದಲಾಯಿಸಿ ನೋಡಲು ಹೇಳಿ. ಗಾಳಿಗೆ ಪೂರ್ತಿ ಎದೆಯೊಡ್ಡಿದ ರೆಕ್ಕೆ ತಿರುಗುವುದಿಲ್ಲ, ಅಂಚು ಕೊಟ್ಟು ನಿಂತದ್ದೂ ತಿರುಗುವುದಿಲ್ಲ. ನಡುವೆ ಎಲ್ಲೋ ಒಂದು ಕೋನ ಚೆನ್ನಾಗಿರುತ್ತದೆ. ಅದನ್ನು ಮಗು ಹೇಗೆ ಹುಡುಕಿತು ಎಂಬುದಷ್ಟೇ ನಿಮಗೆ ಬೇಕು.

ಒಂದೇ ಪ್ರಶ್ನೆಗೆ ಸಮಯ ಇದ್ದರೆ?

ಎಲ್‌ಇಡಿ ಬಿಚ್ಚಿಸಿ. ರೆಕ್ಕೆಯನ್ನು ಕೈಯಿಂದ ಜೋರಾಗಿ ತಿರುಗಿಸಿ ಬಿಟ್ಟು, ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎಂದು ಎಣಿಸಲಿ. ಆಮೇಲೆ ಮೋಟಾರಿನ ಎರಡು ವೈರ್ ತುದಿಗಳನ್ನು ಒಂದಕ್ಕೊಂದು ಸೇರಿಸಿ, ಅಷ್ಟೇ ಜೋರಾಗಿ ತಿರುಗಿಸಿ ಬಿಡಲಿ. ಅದಕ್ಕೂ ಮೊದಲು ಕೇಳಿ: "ಈಗ ಬೇಗ ನಿಲ್ಲುತ್ತಾ, ತಡವಾಗಿ ನಿಲ್ಲುತ್ತಾ, ಅಷ್ಟೇನಾ?"

ಬೇಗ ನಿಲ್ಲುತ್ತದೆ. ಸಿಡಿ ರಾಟೆ ಇದ್ದರೆ ಬೆರಳಿಗೇ ಗೊತ್ತಾಗುವಷ್ಟು ಭಾರ, ಜೇನಿನೊಳಗೆ ಕೈಯಾಡಿಸಿದ ಹಾಗೆ. ನೇರವಾಗಿ ಸಿಕ್ಕಿಸಿದ ಸಣ್ಣ ಮೋಟಾರಿನಲ್ಲಿ ವ್ಯತ್ಯಾಸ ಕಡಿಮೆ, ಅಲ್ಲಿ ಎಣಿಕೆಯನ್ನೇ ನಂಬಬೇಕು. ವೈರ್ ಸೇರಿಸಿದಾಗ ಕರೆಂಟ್ ಹರಿಯುತ್ತದೆ, ಆ ಕರೆಂಟ್ ತನ್ನನ್ನು ಹುಟ್ಟಿಸಿದ ತಿರುಗಾಟವನ್ನೇ ತಡೆಯುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡ ವಿದ್ಯುತ್ಕಾಂತೀಯ ಪ್ರೇರಣೆಯ ಇನ್ನೊಂದು ಮುಖ ಇದು, ಇದಕ್ಕೆ ಲೆಂಜ್ ನಿಯಮ ಎಂಬ ಹೆಸರು. ಹೆಸರು ಮಗುವಿಗೆ ಬರದಿದ್ದರೆ ಬಿಡಿ. "ಕರೆಂಟ್ ತಗಂಡ್ರೆ ರೆಕ್ಕೆಗೆ ಭಾರ ಬೀಳ್ತೈತೆ" ಅಂದರೆ ಸಾಕು.

ಒಂದು ಸೂಕ್ಷ್ಮ. ಎಲ್‌ಇಡಿ ಸೇರಿಸಿ ನಿಧಾನ ತಿರುಗಿಸಿದರೆ ಈ ಭಾರ ಸಿಗುವುದಿಲ್ಲ, ಏಕೆಂದರೆ 1.8 ವೋಲ್ಟ್ ಮುಟ್ಟುವವರೆಗೆ ಅದು ಕರೆಂಟನ್ನೇ ಬಿಡುವುದಿಲ್ಲ. ಮಗು "ಭಾರ ಏನೂ ಇಲ್ವಲ್ಲ ಸಾರ್" ಅಂದರೆ ಅದು ಸರಿಯಾದ ವೀಕ್ಷಣೆ, ತಪ್ಪು ಎಂದು ಹೊಡೆದುಹಾಕಬೇಡಿ.

"ಇದರ ಕರೆಂಟಿನಿಂದ ಈ ಟೇಬಲ್ ಫ್ಯಾನನ್ನೇ ಓಡಿಸಬಹುದು" ಅನ್ನುತ್ತಾರಲ್ಲ?

ಪ್ರತಿವರ್ಷ ಒಬ್ಬರಾದರೂ ಅನ್ನುತ್ತಾರೆ, ಕೆಲವೊಮ್ಮೆ ಮಗುವಿನ ತಂದೆ. ಟೇಬಲ್ ಫ್ಯಾನ್ ಸುಮಾರು 50 ವಾಟ್ ತಿನ್ನುತ್ತದೆ. ಎಲ್‌ಇಡಿ 1.8 ವೋಲ್ಟಿಗೆ 10 ಮಿಲಿ ಆಂಪಿಯರ್ ತೆಗೆದುಕೊಂಡರೆ 0.018 ವಾಟ್. ಎರಡೂವರೆ ಸಾವಿರ ಪಟ್ಟಿಗಿಂತ ಹೆಚ್ಚು ಅಂತರ. "ಉಳಿದದ್ದು ಎಲ್ಲಿ ಹೋಯ್ತು?" ಎಂದು ಕೇಳಿ ಸುಮ್ಮನಿರಿ. ಫ್ಯಾನಿನ ಮೋಟಾರ್ ಬಿಸಿಯಾಯಿತು, ಗಾಳಿ ಪಕ್ಕಕ್ಕೆ ಹೋಯಿತು, ರೆಕ್ಕೆಯ ಹಿಂದೆಯೂ ಗಾಳಿ ಬೀಸುತ್ತಲೇ ಇದೆ, ರಬ್ಬರ್ ಬ್ಯಾಂಡ್ ಉಜ್ಜಿತು. ರೆಕ್ಕೆಯ ಹಿಂದೆ ಕೈ ಹಿಡಿದು ನೋಡಿದ ಮಗು ಅರ್ಧ ಉತ್ತರವನ್ನು ತಾನೇ ಹೇಳುತ್ತದೆ. ಗಾಳಿಯ ಶಕ್ತಿಯನ್ನೆಲ್ಲ ಹಿಡಿಯಬೇಕಾದರೆ ಗಾಳಿ ರೆಕ್ಕೆಯ ಹಿಂದೆ ನಿಂತೇಬಿಡಬೇಕು, ನಿಂತರೆ ಹೊಸ ಗಾಳಿಗೆ ಜಾಗವಿಲ್ಲ. ಎಷ್ಟೇ ಚೆನ್ನಾಗಿ ಮಾಡಿದ ರೆಕ್ಕೆಯಾದರೂ ಶೇಕಡ 59ರ ಆಚೆ ಹೋಗಲಾರದು ಎಂದು ಜರ್ಮನಿಯ ಬೆಟ್ಜ್ ಲೆಕ್ಕ ಹಾಕಿ ತೋರಿಸಿದ್ದು ಇದನ್ನೇ. ರಟ್ಟಿನ ರೆಕ್ಕೆ ಅದರ ಹತ್ತಿರಕ್ಕೂ ಬರುವುದಿಲ್ಲ.

ಜೋಗಿಮಟ್ಟಿಯ ದೊಡ್ಡ ಯಂತ್ರದ ಬಗ್ಗೆ ಕೇಳಬಹುದೆ?

ಮಗು ತಾನೇ ಆ ಮಾತು ತೆಗೆದರೆ ಕೇಳಿ. "ಅದು ಇಷ್ಟು ನಿಧಾನಕ್ಕೆ ತಿರುಗ್ತೈತೆ, ಆದ್ರೂ ಕರೆಂಟ್ ಹೆಂಗೆ?" ದೊಡ್ಡ ರೆಕ್ಕೆ ನಿಮಿಷಕ್ಕೆ ಹತ್ತಿಪ್ಪತ್ತು ಸುತ್ತು ತಿರುಗಿದರೂ, ಗೇರ್‌ಬಾಕ್ಸ್ ಇರುವ ಯಂತ್ರಗಳಲ್ಲಿ ಜನರೇಟರ್ ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಮಗುವಿನ ಸಿಡಿ ರಾಟೆ ಮಾಡುವ ಕೆಲಸವೇ ಅದು, ಈ ಹೋಲಿಕೆಯನ್ನು ಮಗು ತಾನಾಗಿ ಹಿಡಿದರೆ ಬೇರೆ ಪ್ರಶ್ನೆ ಬೇಡ. ಅಂದಹಾಗೆ ನಿಧಾನ ಅನ್ನುವುದೂ ಕಣ್ಣಿನ ಮೋಸ. 25 ಮೀಟರ್ ಉದ್ದದ ರೆಕ್ಕೆ ನಿಮಿಷಕ್ಕೆ 20 ಸುತ್ತು ಬಂದರೆ ಅದರ ತುದಿ ಗಂಟೆಗೆ 188 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುತ್ತದೆ, ಕೆಳಗಿನ ಹೆದ್ದಾರಿಯ ಯಾವ ಬಸ್ಸಿಗಿಂತಲೂ ಜೋರು.

"ಮೂರೇ ರೆಕ್ಕೆ ಯಾಕೆ?" ಎಂಬ ಪ್ರಶ್ನೆ ಮಾತ್ರ ನಾನು ಕೇಳುವುದಿಲ್ಲ. ಅದಕ್ಕೆ ಬಾಯಿಪಾಠದ ಉತ್ತರ ಸಿಕ್ಕುತ್ತದೆ. ಬದಲಿಗೆ ಒಂದು ರೆಕ್ಕೆ ಕಳಚಿ ತಿರುಗಿಸಿ ಎನ್ನುತ್ತೇನೆ, ಕಂಬ ಗಡಗಡ ಅಲ್ಲಾಡುವುದನ್ನು ನೋಡಿ ಸಮತೋಲದ ಮಾತು ತಾನೇ ಬರುತ್ತದೆ.

ಆರನೇ ತರಗತಿಗೂ ಹತ್ತನೆಯದಕ್ಕೂ ಇವೇ ಪ್ರಶ್ನೆಗಳೆ?

ಪ್ರಯೋಗಗಳು ಇವೇ. ಚಿಕ್ಕವರಿಂದ ಏನಾಯಿತು ಎಂದಷ್ಟೇ ಕೇಳಿ, ದೊಡ್ಡವರಿಂದ ಎಷ್ಟು ಎಂದೂ ಕೇಳಿ.

ಜೇಬಿನಲ್ಲಿ ಏನಿಟ್ಟುಕೊಂಡು ಹೋಗಬೇಕು?

ಅಗ್ಗದ ಮಲ್ಟಿಮೀಟರ್, ಡಿಸಿ 20 ವೋಲ್ಟ್ ಅಳತೆಗೆ ಇಟ್ಟು. ಬಣ್ಣದ ಟೇಪ್ ಒಂದು ಸುರುಳಿ. ಒಂದು ಕೆಂಪು ಎಲ್‌ಇಡಿ, ಏಕೆಂದರೆ ಬಿಳಿ ಎಲ್‌ಇಡಿ ಹಾಕಿ "ಹತ್ತುತ್ತಿಲ್ಲ" ಎಂದು ಕೂತ ಮಗುವಿನ ಮಾದರಿ ಕೆಂಪಿಗೆ ಹತ್ತಿಬಿಡುವುದುಂಟು.

ಗೈಡ್ ಟೀಚರ್ ಹಿಂದೆ ನಿಂತು ಉತ್ತರ ಹೇಳಿಕೊಡುತ್ತಿದ್ದರೆ?

ಜಗಳ ಬೇಡ, ಅವರೂ ನಮ್ಮ ಹಾಗೆಯೇ ಮೇಷ್ಟ್ರು. "ಸರ್, ಸ್ವಲ್ಪ ಆ ಫ್ಯಾನಿನ ಹತ್ತಿರ ನಿಂತ್ಕೊಂಡು, ನಾನು ಹೇಳಿದಾಗ ಒಂದು, ಎರಡು, ಮೂರು ಅಂತ ಸ್ಪೀಡ್ ಬದಲಾಯಿಸ್ತೀರಾ?" ಅನ್ನಿ. ಅವರು ಆ ಕಡೆ ಸ್ಪೀಡ್ ಬಟನ್ ಒತ್ತುತ್ತಿರುವಾಗ ಈ ಕಡೆ ಮಗು ಮೀಟರ್ ಓದಿ ಹೇಳಲಿ. ಫ್ಯಾನಿನ ಸದ್ದಿಗೆ ಅವರ ಪಿಸುಮಾತು ಇಲ್ಲಿಗೆ ಕೇಳುವುದಿಲ್ಲ.